ಗೆಳತಿಯ ಕುಬಸಕ್ಕೆ ಹೋಗದೆ ಉಳಿದ ಮೇಲೆ ಅವಳಿಗೆ ಮೆಸೇಜ್ ಬರೆಯುವುದು ಹೇಗೆ

ಹೋದ ವರ್ಷ ಒಂದು ರವಿವಾರ ನನ್ನ ಗೆಳತಿಯ ಕುಬಸ ಇತ್ತು. ಡೊಂಬಿವಲಿ ಪೂರ್ವದಲ್ಲಿ, ಅವರ ಸೊಸೈಟಿಯ ಹಾಲ್‌ನಲ್ಲಿ, ಹನ್ನೊಂದೂವರೆಗೆ. ನಾನು ನೆರೂಳಿನಲ್ಲಿ ಮನೆಯಲ್ಲೇ ಇದ್ದೆ. ಹೋಗಲಿಲ್ಲ.

ಕುಬಸ ಅಂದರೆ ನಮ್ಮ ಧಾರವಾಡ ಕಡೆಯ ಮಾತು. ಬೆಂಗಳೂರು, ಮೈಸೂರಿನವರು ಸೀಮಂತ ಅನ್ನುತ್ತಾರೆ, ಇಲ್ಲಿಯ ಮರಾಠಿ ಮನೆಗಳಲ್ಲಿ ಡೋಹಾಳೆ ಜೇವಣ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಆರತಿ, ಊಟ. ಮದುವೆಗೆ ಹೋಗದಿದ್ದರೆ ಗದ್ದಲದಲ್ಲಿ ಯಾರಿಗೂ ಗೊತ್ತಾಗದೆ ಇರಬಹುದು. ಕುಬಸದಲ್ಲಿ ಹಾಗಲ್ಲ. ಇರುವುದೇ ಮೂವತ್ತು ನಲವತ್ತು ಜನ. ಅದರಲ್ಲೂ ಬಳೆ ತೊಡಿಸಲು, ಆರತಿ ಎತ್ತಲು ಇಂಥವರೇ ಅಂತ ಮೊದಲೇ ಹೇಳಿಟ್ಟಿರುತ್ತಾರೆ. ಅವಳಿಗೆ ಅಕ್ಕತಂಗಿ ಇಲ್ಲ, ಹಾಗಾಗಿ ಮೊದಲ ಬಳೆ ನಾನೇ ತೊಡಿಸಬೇಕು ಅಂತ ಎರಡು ತಿಂಗಳ ಹಿಂದೆಯೇ ಹೇಳಿದ್ದಳು.

ನಾನು ಅವಳಿಗೆ ಬರೆದ ಮೆಸೇಜ್ ಒಂದೇ ಸಲಕ್ಕೆ ಸರಿಯಾಗಿ ಬರಲಿಲ್ಲ. ಮೊದಲು ಬರೆದದ್ದನ್ನು ಕಳಿಸಿದ್ದರೆ ಇನ್ನಷ್ಟು ಕೆಡುತ್ತಿತ್ತು. ಎಲ್ಲಿ ಕೆಡುತ್ತದೆ, ಹೇಗೆ ತಿದ್ದಬೇಕು ಅಂತ ಆ ಎರಡೂ ಮೆಸೇಜ್ ಇಟ್ಟುಕೊಂಡು ಹೇಳುತ್ತೇನೆ.

ಅದೇ ದಿನ: ಎರಡೇ ಸಾಲು

ಪೂರ್ತಿ ಮೆಸೇಜ್ ಬರೆಯಲು ಹೊತ್ತು ಬೇಕು, ಆದರೆ ಆ ದಿನ ಮುಗಿಯುವುದರೊಳಗೆ ನಿಮ್ಮಿಂದ ಒಂದು ಮಾತು ಹೋಗಲೇಬೇಕು. ರಾತ್ರಿ ನೆಂಟರೆಲ್ಲ ಹೋದ ಮೇಲೆ ಅವಳು ಮಂಚದ ಮೇಲೆ ಕಾಲು ಚಾಚಿ ಫೋನ್ ನೋಡುತ್ತಾಳಲ್ಲ, ಆಗ ನಿಮ್ಮ ಹೆಸರಿನ ಎದುರು ಏನೂ ಇಲ್ಲದಿದ್ದರೆ ಮರುದಿನ ಎಷ್ಟು ಚೆಂದ ಬರೆದರೂ ಅದು ಮರುದಿನದ ಮಾತೇ. ನಾನು ಎಂಟು ಗಂಟೆಗೆ ಇಷ್ಟು ಕಳಿಸಿದೆ:

"ಪುಟ್ಟಿ, ಇವತ್ತು ನಾನು ಬರಲಿಲ್ಲ, ಫೋನೂ ಎತ್ತಲಿಲ್ಲ. ಎರಡೂ ನನ್ನದೇ ತಪ್ಪು. ನೀನು ದಣಿದಿರುತ್ತೀ, ಮಲಗು. ನಾಳೆ ಬರೆಯುತ್ತೇನೆ."

ಕಾರಣ ಇಲ್ಲ, ವಿವರಣೆ ಇಲ್ಲ. ಏಳು ತಿಂಗಳ ಬಸುರಿ, ಬೆಳಗಿನಿಂದ ಕೂತು ಎದ್ದು ಸಾಕಾಗಿರುತ್ತದೆ. ಆ ರಾತ್ರಿ ನಿಮ್ಮ ಕಥೆ ಓದಿ ನಿಮ್ಮನ್ನೇ ಸಮಾಧಾನ ಮಾಡುವ ಕೆಲಸ ಅವಳಿಗೆ ಹಚ್ಚಬೇಡಿ. ಮನೆಯವರೆಲ್ಲ ಇರುವ ಗ್ರೂಪಿನಲ್ಲಂತೂ ಹಾಕಲೇಬೇಡಿ. ಅಲ್ಲಿ ಹಾಕಿದರೆ ಎಲ್ಲರೆದುರು ಅವಳು "ಪರವಾಗಿಲ್ಲ" ಅನ್ನಲೇಬೇಕಾಗುತ್ತದೆ, ಅಲ್ವಾ?

ಬರೆಯುವ ಮೊದಲು: ಅಲ್ಲಿ ಏನಾಯಿತು ಅಂತ ತಿಳಿದುಕೊಳ್ಳಿ

ಇದನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ನಾವು ಬರಲಿಲ್ಲ ಅನ್ನುವುದು ನಮಗೆ ಗೊತ್ತು, ನಮ್ಮ ಕಡೆ ಏನಾಯಿತು ಅನ್ನುವುದೂ ಗೊತ್ತು. ಆದರೆ ನಾವಿಲ್ಲದ್ದರಿಂದ ಅಲ್ಲಿ ಏನಾಯಿತು? ಅದು ಗೊತ್ತಿಲ್ಲದೆ ಬರೆದರೆ ಮೆಸೇಜಿನ ತುಂಬ ನಾವೇ ಇರುತ್ತೇವೆ.

ನಾನು ಸೋಮವಾರ ಬೆಳಿಗ್ಗೆ ಅವಳ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಫೋನ್ ಮಾಡಿದೆ. "ವೈನಿ, ಅವಳಿಗೆ ಏನೂ ಹೇಳಬೇಡಿ, ನನ್ನ ಪರವಾಗಿ ಮಾತಾಡಲೂಬೇಡಿ. ನಿನ್ನೆ ನಾನು ಬರಲಿಲ್ಲ ಅಂತ ಅಲ್ಲಿ ಏನಾಯಿತು ಅಷ್ಟು ಹೇಳಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು. ಬಳೆಯ ತಾಟು ತಂದಿಟ್ಟ ಮೇಲೆ ಇವಳು ಬೇರೆ ಯಾರಿಗೂ ಕೈ ಕೊಡಲಿಲ್ಲವಂತೆ. "ಬರುತ್ತಾಳೆ, ಠಾಣೆ ದಾಟಿರಬೇಕು" ಅಂತ ಇಪ್ಪತ್ತು ನಿಮಿಷ ಎಲ್ಲರನ್ನೂ ಕೂರಿಸಿದಳಂತೆ. ಆ ಇಪ್ಪತ್ತು ನಿಮಿಷದಲ್ಲಿ ನನಗೆ ಮೂರು ಸಲ ಫೋನ್ ಮಾಡಿದ್ದಳು. ಕೊನೆಗೆ ಅವಳ ಅತ್ತೆ, "ಇನ್ನು ಸಾಕು, ಊಟಕ್ಕೆ ತಡವಾಗುತ್ತದೆ" ಅಂದು ತಾವೇ ಶುರು ಮಾಡಿದರಂತೆ.

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು "ಕಾರ್ಯಕ್ರಮ ತಪ್ಪಿತು" ಅಷ್ಟೇ. ನಿಜವಾಗಿ ಆದದ್ದು ಬೇರೆ. ಅತ್ತೆಮನೆಯವರ ಎದುರು ಅವಳು ನನ್ನ ಪರವಾಗಿ ಒಂದು ಮಾತು ಆಡಿದಳು, ಆ ಮಾತು ಬಿದ್ದುಹೋಯಿತು. ಒಪ್ಪಿಕೊಳ್ಳಬೇಕಾದ ತಪ್ಪು ಇದು.

ಕೇಳುವಾಗ ಒಬ್ಬರನ್ನೇ ಕೇಳಿ. ನಾಲ್ಕು ಜನರಿಗೆ ಫೋನ್ ಮಾಡಿದರೆ ಅದೇ ಒಂದು ಸುದ್ದಿಯಾಗಿ ಅವಳಿಗೆ ಮುಟ್ಟುತ್ತದೆ.

ಮೊದಲ ಕರಡು, ಮತ್ತು ಅದು ಯಾಕೆ ಕೆಟ್ಟದು

ಕರಡನ್ನು ಚಾಟಿನಲ್ಲಿ ಬರೆಯಬೇಡಿ. ನೀವು ಬರೆದು ಅಳಿಸಿ ಮಾಡುವಷ್ಟು ಹೊತ್ತೂ ಅವಳು ಆ ಚಾಟ್ ತೆರೆದಿದ್ದರೆ ಟೈಪಿಂಗ್ ಅಂತ ಕಾಣುತ್ತಿರುತ್ತದೆ, ಕೊನೆಗೆ ಏನೂ ಬರದಿದ್ದರೆ ಅವಳು ಏನಂದುಕೊಳ್ಳಬೇಕು? ನೋಟ್ಸ್‌ನಲ್ಲಿ ಬರೆಯಿರಿ, ಅಥವಾ ಹಾಳೆಯ ಮೇಲೆ. ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ ಹದಿನೈದು ನಿಮಿಷದವರೆಗೆ ತಿದ್ದಲು ಬರುತ್ತದೆ ನಿಜ, ಆದರೆ ತಿದ್ದಿದ್ದು ಅಂತ ಗುರುತು ಉಳಿಯುತ್ತದೆ. ಡಿಲೀಟ್ ಮಾಡಿದರೂ ಗುರುತು ಉಳಿಯುತ್ತದೆ. ಈ ಮೆಸೇಜಿಗೆ ಅದು ಒಳ್ಳೆಯದಲ್ಲ.

ನಾನು ಮೊದಲು ಬರೆದದ್ದು ಹೀಗಿತ್ತು:

"ಪುಟ್ಟಿ, ಸಾರಿ ಲೇ. ನಿನ್ನೆ ಬರೋಕೆ ಆಗಲೇ ಇಲ್ಲ. ಆಫೀಸಿನ ಮೀಟಿಂಗ್ ಬಂತು, ಮೇಲೆ ಮೆಗಾ ಬ್ಲಾಕ್ ಬೇರೆ. ತಡ ಆಗಿಬಿಟ್ಟಿತು. ನಿನಗೆ ಬೇಜಾರಾಗಿದ್ದರೆ ಕ್ಷಮಿಸು. ನನಗೂ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ. ಫೋಟೋ ಕಳಿಸು, ನೋಡಬೇಕು. ಒಂದಿನ ಸಿಗೋಣ."

ಓದಲು ಏನೂ ತಪ್ಪಿಲ್ಲ ಅನಿಸುತ್ತದೆ. ನಾವೆಲ್ಲ ಹೀಗೇ ಬರೆಯುತ್ತೇವೆ. ಈಗ ಕ್ರಿಯಾಪದಗಳನ್ನು ಮಾತ್ರ ನೋಡಿ. ಬರೋಕೆ ಆಗಲಿಲ್ಲ. ಮೀಟಿಂಗ್ ಬಂತು. ತಡ ಆಯಿತು. ಇದರಲ್ಲಿ ನಾನು ಮಾಡಿದ್ದು ಅಂತ ಒಂದೂ ಇಲ್ಲ! ಎಲ್ಲ ತಾನಾಗಿಯೇ ಆಗಿದೆ, ಮಳೆ ಬಂದ ಹಾಗೆ. ಕನ್ನಡದಲ್ಲಿ ಇದು ಬಹಳ ಸುಲಭ. "ನನಗೆ ಬರೋಕೆ ಆಗಲಿಲ್ಲ" ಅಂದುಬಿಟ್ಟರೆ ಮಾಡಿದವರು ಯಾರೂ ಇರುವುದಿಲ್ಲ. "ತಪ್ಪಾಯಿತು" ಅನ್ನುವುದೂ ಹಾಗೆಯೇ. ತಪ್ಪು ಆಯಿತು, ಸರಿ, ಮಾಡಿದ್ದು ಯಾರು? ದಿನನಿತ್ಯದ ಸಣ್ಣಪುಟ್ಟದಕ್ಕೆ ಆ ಮಾತು ಸಾಕು. ಇಂಥದ್ದಕ್ಕೆ ಸಾಲದು.

ಅದಕ್ಕೆ ನಾನು ಮಾಡಿದ ಕೆಲಸ ಇಷ್ಟೇ. "ಆಯಿತು" ಇರುವಲ್ಲೆಲ್ಲ "ಮಾಡಿದೆ" ಹಾಕಿ ಓದಿದೆ. ಬರೋಕೆ ಆಗಲಿಲ್ಲ ಹೋಗಿ ಬರಲಿಲ್ಲ. ಮೀಟಿಂಗ್ ಬಂತು ಹೋಗಿ ಮೀಟಿಂಗ್ ಒಪ್ಪಿಕೊಂಡೆ. ತಡ ಆಯಿತು ಹೋಗಿ ತಡ ಮಾಡಿದೆ. ಹೀಗೆ ಬದಲಿಸಿದಾಗ ಯಾವ ಸಾಲು ಓದಲು ಕಷ್ಟ ಅನಿಸುತ್ತದೋ ಅದೇ ನಿಜವಾದ ಸಾಲು. ಅದನ್ನು ಉಳಿಸಿ.

ಮೆಗಾ ಬ್ಲಾಕ್ ಮಾತು ಬೇರೆಯೇ ಹೇಳಬೇಕು, ಯಾಕೆಂದರೆ ಮುಂಬೈಯಲ್ಲಿ ಎಲ್ಲರೂ ಅದನ್ನೇ ಹೇಳುತ್ತೇವೆ. ರವಿವಾರ ಹಳಿ ದುರಸ್ತಿಗೆ ಲೋಕಲ್‌ಗಳನ್ನು ಕೆಲವು ಗಂಟೆ ನಿಲ್ಲಿಸುತ್ತಾರೆ ಅಥವಾ ಬೇರೆ ಹಳಿಗೆ ಹಾಕುತ್ತಾರೆ. ಆದರೆ ಯಾವ ಮಾರ್ಗ, ಎಷ್ಟರಿಂದ ಎಷ್ಟು ಅನ್ನುವುದನ್ನು ರೈಲ್ವೆ ಮೊದಲೇ ಹೇಳಿರುತ್ತದೆ, ಪೇಪರಿನಲ್ಲಿ ಬಂದಿರುತ್ತದೆ. ಡೊಂಬಿವಲಿಯಲ್ಲಿ ಇರುವವಳಿಗೆ ಇದು ಗೊತ್ತಿಲ್ಲವೇ? ಅವಳ ಎಂಬತ್ತು ವರ್ಷದ ಸೋದರತ್ತೆ ಮುಲುಂದಿನಿಂದ ರಿಕ್ಷಾ ಮಾಡಿಕೊಂಡು ಬಂದಿದ್ದರು. ಮೊದಲೇ ಗೊತ್ತಿರುವ ಅಡಚಣೆಯನ್ನು ಕಾರಣ ಅಂತ ಬರೆದರೆ ನಿಮ್ಮ ನಿಜವಾದ ಕಾರಣವನ್ನೂ ಅವಳು ನಂಬುವುದಿಲ್ಲ. ಅದೇ ಆ ದಿನ ಅಚಾನಕ್ ಗಾಡಿ ಕೆಟ್ಟು ನಿಂತು ಗಂಟೆಗಟ್ಟಲೆ ಸಿಕ್ಕಿಬಿದ್ದಿದ್ದರೆ ಮಾತು ಬೇರೆ, ಅದನ್ನು ಬರೆಯಬಹುದು.

"ನಿನಗೆ ಬೇಜಾರಾಗಿದ್ದರೆ" ಅನ್ನುವುದರಲ್ಲಿ ಆ "ದ್ದರೆ" ತೆಗೆಯಿರಿ. ಬೇಜಾರಾಗಿದೆ, ಅದು ಗೊತ್ತು. "ನನಗೂ ನಿದ್ದೆ ಬಂದಿಲ್ಲ" ಅನ್ನುವುದನ್ನು ಪೂರ್ತಿ ತೆಗೆಯಿರಿ. ನಿಜವಾದರೂ ತೆಗೆಯಿರಿ. ಫೋಟೋ ಕೇಳಬೇಡಿ, ಅವಳಾಗಿಯೇ ಕಳಿಸಿದರೆ ಸರಿ. ಇನ್ನು "ಒಂದಿನ ಸಿಗೋಣ" ಅನ್ನುವ ಮಾತಿಗೆ ಮುಂಬೈಯಲ್ಲಿ ಏನರ್ಥ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ದಿನ ಹೇಳದ ಭೇಟಿ ಆಗುವುದಿಲ್ಲ.

ಕಳಿಸಿದ ಮೆಸೇಜ್

ಸೋಮವಾರ ಸಂಜೆ ಏಳಕ್ಕೆ ಇದನ್ನು ಕಳಿಸಿದೆ:

"ಪುಟ್ಟಿ, ನಿನ್ನೆ ನಾನು ನಿನ್ನ ಕುಬಸಕ್ಕೆ ಬರಲಿಲ್ಲ. ಹತ್ತು ಗಂಟೆಗೆ ಆಫೀಸಿನ ಕಾಲ್ ಇಟ್ಟರು. ಇವತ್ತು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಮುಗಿದಾಗ ಹನ್ನೆರಡೂವರೆ. ಆಗಲೂ ಹೊರಡಬಹುದಿತ್ತು, ಮುಖ ತೋರಿಸಲು ನಾಚಿಕೆಯಾಗಿ ಹೊರಡಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ನೀನು ಮೂರು ಸಲ ಫೋನ್ ಮಾಡಿದೆ, ನಾನು ನೋಡಿಯೂ ಎತ್ತಲಿಲ್ಲ. ನನಗಾಗಿ ಬಳೆ ತಾಟು ಇಟ್ಟುಕೊಂಡು ಎಲ್ಲರನ್ನೂ ಕೂರಿಸಿದ್ದೆಯಂತೆ, ಬರುತ್ತಾಳೆ ಅಂತ ಹೇಳುತ್ತಲೇ ಇದ್ದೆಯಂತೆ. ಅತ್ತೆಯವರ ಎದುರು ನಿನ್ನ ಮಾತು ಸುಳ್ಳಾಗುವ ಹಾಗೆ ಮಾಡಿದೆ. ಒಂದು ಫೋನ್ ಎತ್ತಿದ್ದರೆ ನೀನು ಹಾಗೆ ಕಾಯುತ್ತಿರಲಿಲ್ಲ.

ಶನಿವಾರ ನೀನು ಹುಬ್ಬಳ್ಳಿಗೆ ಹೊರಡುವ ಮೊದಲು ಬಂದು ಉಡಿ ತುಂಬಬೇಕು ಅಂತಿದ್ದೇನೆ. ಗುರುವಾರ ಅಥವಾ ಶುಕ್ರವಾರ ಸಂಜೆ. ಯಾವುದು ನಿನಗೆ ಅನುಕೂಲವೋ ಅದು, ಬೇಡ ಅನಿಸಿದರೆ ಬೇಡ ಅನ್ನು. ಉತ್ತರ ಈಗಲೇ ಬರೆಯಬೇಕಾಗಿಲ್ಲ."

ಇದರಲ್ಲಿ ಕಾರಣ ಇದೆ, ಆದರೆ ನಾಲ್ಕು ಸಾಲು ಮಾತ್ರ, ಅದೂ ನಾನು ಎಲ್ಲಿ ಬೇರೆ ಮಾಡಬಹುದಿತ್ತು ಅನ್ನುವುದರ ಜೊತೆಗೆ. ಬರದೆ ಇದ್ದದ್ದು, ಫೋನ್ ಎತ್ತದೆ ಇದ್ದದ್ದು ಎರಡನ್ನೂ ಬೇರೆ ಬೇರೆಯಾಗಿ ಹೇಳಿದೆ. ಒಟ್ಟಿಗೆ "ಎಲ್ಲದಕ್ಕೂ ಸಾರಿ" ಅಂದರೆ ಯಾವುದಕ್ಕೆ ಅಂತ ಅವಳಿಗೆ ತಿಳಿಯುವುದಿಲ್ಲ. ಬರದೆ ಇದ್ದದ್ದಕ್ಕಿಂತ ಸುಮ್ಮನಿದ್ದದ್ದೇ ಜಾಸ್ತಿ ನೋವು ಕೊಟ್ಟಿದೆ ಅಂತ ನನಗೆ ವೈನಿಯ ಮಾತಿನಿಂದ ಗೊತ್ತಾಗಿತ್ತು.

"ಕ್ಷಮಿಸು" ಅಂತ ಎಲ್ಲೂ ಬರೆದಿಲ್ಲ ನೋಡಿ. ಬೇಕಂತಲೇ. ಹತ್ತಿರದ ಗೆಳತಿಯರು ಆ ಪದ ಬಳಸಿ ಮಾತಾಡುವುದಿಲ್ಲ, ಬರೆದರೆ ಮದುವೆ ಕಾರ್ಡಿನ ಭಾಷೆ ಆಗುತ್ತದೆ. ಮೇಲಾಗಿ ಅದು ಅವಳಿಂದ ಏನೋ ಕೇಳುವ ಮಾತು. ತಪ್ಪು ಒಪ್ಪಿಕೊಳ್ಳುವಾಗ ನಾವು ಕೊಡುವ ಕಡೆ ಇರಬೇಕು.

ವಾಯ್ಸ್ ಮೆಸೇಜ್ ಕಳಿಸಲೇ ಅಂತ ಕೇಳುತ್ತೀರಿ. ನನಗೆ ಬರಹವೇ ಸರಿ ಅನಿಸುತ್ತದೆ. ದನಿಯಲ್ಲಿ ನಾವು ಅತ್ತುಬಿಡುತ್ತೇವೆ, ಆಗ ಅವಳು ನಮ್ಮ ಅಳುವಿಗೆ ಉತ್ತರ ಕೊಡಬೇಕಾಗುತ್ತದೆ. ಬರೆದದ್ದನ್ನು ಅವಳು ಎರಡನೇ ಸಲವೂ ಓದಬಹುದು. ಕೈಮುಗಿದ ಹುಡುಗಿಯ ಚಿತ್ರ, ಟೆಡ್ಡಿಬೇರ್, ಫಾರ್ವರ್ಡ್ ಮಾಡಿದ ಸಾಲುಗಳು ಏನೂ ಬೇಡ.

ಕಾರಣ ನಿಜಕ್ಕೂ ನಿಮ್ಮ ಕೈಮೀರಿದ್ದಾಗ

ಮೇಲೆ ಹೇಳಿದ್ದೆಲ್ಲ ತಪ್ಪು ನಮ್ಮದೇ ಆದಾಗ. ಜ್ವರ ಬಂದು ಮಲಗಿದ್ದರೆ "ಬರೋಕೆ ಆಗಲಿಲ್ಲ" ಅನ್ನುವುದೇ ಸರಿಯಾದ ಮಾತು, ಸುಮ್ನೆ ತಪ್ಪು ಹೊತ್ತುಕೊಳ್ಳಬೇಡಿ. ಆದರೆ ಎರಡು ಸಂದರ್ಭಗಳಲ್ಲಿ ಜೋಪಾನ ಬೇಕು.

ಮನೆಯಲ್ಲಿ ಯಾರಾದರೂ ತೀರಿಕೊಂಡು ಸೂತಕ ಬಂದಿದ್ದರೆ ಆ ದಿನವೇ ಬಸುರಿಗೆ ಆ ಸುದ್ದಿ ಬರೆಯಬೇಡಿ. ಮನೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ ಹೇಳಿಬಿಡಿ, "ಅವಳಿಗೆ ನಾಳೆ ಹೇಳಿ" ಅನ್ನಿ. ಅವರಿಗೆ ಇದೆಲ್ಲ ಗೊತ್ತಿರುತ್ತದೆ.

ಇನ್ನೊಂದು, ಹೇಳಲು ಕಷ್ಟವಾದದ್ದು. ಗರ್ಭ ಕಳೆದುಕೊಂಡವರಿಗೆ, ಮಗುವಿಗಾಗಿ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಕುಬಸದ ಮನೆಯೊಳಗೆ ಕಾಲಿಡಲು ಆಗದೆ ಇರಬಹುದು. ಬಾಗಿಲವರೆಗೆ ಹೋಗಿ ವಾಪಸ್ ಬಂದವರನ್ನು ನಾನು ಬಲ್ಲೆ. ಅಂಥವರು ಸುಳ್ಳು ಕಾರಣ ಹುಡುಕಬೇಡಿ, ಎಲ್ಲವನ್ನೂ ಈಗಲೇ ಬಿಚ್ಚಿ ಹೇಳಲೂಬೇಡಿ. "ಬರದೆ ಇದ್ದದ್ದಕ್ಕೆ ಒಂದು ಕಾರಣ ಇದೆ, ಅದು ನಿನಗೆ ಸಂಬಂಧಪಟ್ಟದ್ದಲ್ಲ, ಹೆರಿಗೆಯಾಗಿ ನೀನು ಆರಾಮಾದ ಮೇಲೆ ಕೂತು ಹೇಳುತ್ತೇನೆ" ಅಂದರೆ ಸಾಕು. ಹತ್ತಿರದವಳಾದರೆ ಅವಳಿಗೆ ಅರ್ಧ ಆಗಲೇ ತಿಳಿದಿರುತ್ತದೆ.

ಅವಳ ಅಮ್ಮನಿಗೆ ಫೋನ್

ಹಿರಿಯರಿಗೆ ಮೆಸೇಜ್ ಬೇಡ, ಫೋನ್ ಮಾಡಿ. ಗೆಳತಿಗೆ ಮೆಸೇಜ್ ಮುಟ್ಟಿದ ಮೇಲೆ ಮಾಡಿ, ಮೊದಲಲ್ಲ. ಇಲ್ಲದಿದ್ದರೆ ಅಮ್ಮನ ಕಡೆಯಿಂದ ಹೇಳಿಸುತ್ತಿದ್ದಾಳೆ ಅನಿಸುತ್ತದೆ. ನಾನು ಹೇಳಿದ್ದು: "ಕಾಕು, ನಿನ್ನೆ ನಾನು ಬರಲಿಲ್ಲ, ನೀವು ಹೇಳಿಟ್ಟ ಕೆಲಸ ಮಾಡಲಿಲ್ಲ. ನಿಮಗೆ ಎಲ್ಲರೆದುರು ಮುಜುಗರ ಮಾಡಿದೆ." ಕಾಕು ಬಯ್ದರು. ಐದು ನಿಮಿಷ ಬಯ್ದರು. ನಡುವೆ ಬಾಯಿ ಹಾಕಬೇಡಿ, "ಹೌದು ಕಾಕು" ಅಷ್ಟೇ ಅನ್ನಿ. ಕೊನೆಗೆ "ಊಟ ಆಯಿತೇನು?" ಅಂತ ಕೇಳಿದರು. ಅಲ್ಲಿಗೆ ಆ ಮನೆಯ ಬಾಗಿಲು ತೆರೆದೇ ಇದೆ ಅಂತ ತಿಳಿಯಿತು.

ಉತ್ತರ ಓದುವುದು

ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಇದು ಸಹಜ. ಎರಡು ದಿನ ಕಾಯಿರಿ. "ಓದಿದೆಯಾ?" ಅಂತ ಕೇಳಬೇಡಿ, ಅವಳ ಸ್ಟೇಟಸ್‌ಗೆ ಹೃದಯ ಒತ್ತಬೇಡಿ.

ಬೈಗುಳ ಬಂದರೆ ಅದು ಒಳ್ಳೆಯದು. ಬಯ್ಯುವವಳು ಇನ್ನೂ ನಿಮ್ಮವಳೇ. ಹೆದರಬೇಕಾದದ್ದು "ಇರ್ಲಿ ಬಿಡು" ಅನ್ನುವ ಉತ್ತರಕ್ಕೆ. ಇದಕ್ಕೆ ಎರಡು ಅರ್ಥ ಇದೆ. "ಇರ್ಲಿ ಬಿಡ್ಲೇ, ಗುರುವಾರ ಬಾ" ಅಂತ ಮುಂದೆ ಏನಾದರೂ ಇದ್ದರೆ ನಿಜಕ್ಕೂ ಬಿಟ್ಟಿದ್ದಾಳೆ. ಬರೀ "ಇರ್ಲಿ ಬಿಡು", ಕೊನೆಗೆ ಒಂದು ಚುಕ್ಕಿ, ಇಷ್ಟೇ ಇದ್ದರೆ ಅವಳು ನಿಮ್ಮನ್ನು ದೂರ ಇಟ್ಟು ಮಾತಾಡುತ್ತಿದ್ದಾಳೆ. ಆಗ "ಥ್ಯಾಂಕ್ಸ್ ಲೇ, ನೀನು ಅರ್ಥ ಮಾಡಿಕೊಳ್ಳುತ್ತೀ ಅಂತ ಗೊತ್ತಿತ್ತು" ಅಂತ ಓಡಿ ಒಪ್ಪಿಕೊಳ್ಳಬೇಡಿ.

ನನಗೆ ಬಂದದ್ದು ಎರಡನೆಯದೇ. ಮಂಗಳವಾರ ಮಧ್ಯಾಹ್ನ, ಬರೀ ಆ ಎರಡು ಪದ. ನಾನು ಬರೆದೆ: "ಬಿಡುವಂಥದ್ದಲ್ಲ ಅಂತ ನನಗೆ ಗೊತ್ತು. ಗುರುವಾರ ಸಂಜೆ ಆರಕ್ಕೆ ಬರಲೇ? ಬಯ್ಯುವುದಿದ್ದರೆ ಆಗ ಬಯ್ಯಿ." ರಾತ್ರಿ ಹತ್ತಕ್ಕೆ ಉತ್ತರ ಬಂತು. "ಫೋನ್ ಯಾಕೆ ಎತ್ತಲಿಲ್ಲ? ಏನಾದರೂ ಆಗಿರಬೇಕು ಅಂತ ನಾನು ಹೆದರಿಕೊಂಡಿದ್ದೆ, ಗೊತ್ತೇನು?" ಆಮೇಲೆ ಇನ್ನೂ ಏಳೆಂಟು ಮೆಸೇಜು, ಎಲ್ಲ ಸಿಟ್ಟಿನವೇ. ಒಂದಕ್ಕೂ ಸಮಜಾಯಿಷಿ ಕೊಡಲಿಲ್ಲ. ಕೊನೆಯದರಲ್ಲಿ "ಆರಕ್ಕೆ ಬೇಡ, ಐದಕ್ಕೆ ಬಾ" ಅಂತಿತ್ತು.

ಉತ್ತರ ಬರಲೇ ಇಲ್ಲ ಅಂದರೆ? ಹೇಳಿದ ದಿನ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಉಡಿಯ ಸಾಮಾನನ್ನು ವೈನಿಯ ಕೈಗೆ ಕೊಟ್ಟು ಬನ್ನಿ, ಒಳಗೆ ಹೋಗಬೇಡಿ. ತವರಿಗೆ ಹೋದ ಮೇಲೆ ಅವಳಿಗೆ ಯೋಚಿಸಲು ಹೊತ್ತು ಇರುತ್ತದೆ.

ಹೋಗುವಾಗ

ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅಡಿಕೆ, ಐದು ಅರಿಶಿನ ಬೇರು, ಎಲೆ, ಒಂದು ಖಣ. ಇದು ನಮ್ಮ ಕಡೆಯ ಉಡಿ, ನಿಮ್ಮ ಮನೆಯ ಪದ್ಧತಿ ಬೇರೆ ಇದ್ದರೆ ಕೇಳಿಕೊಳ್ಳಿ. ದುಬಾರಿ ಉಡುಗೊರೆ ಒಯ್ಯಬೇಡಿ. ತಪ್ಪಿಗೆ ಬೆಲೆ ಕಟ್ಟಿದ ಹಾಗೆ ಕಾಣುತ್ತದೆ. ಹಸಿರು ಗಾಜಿನ ಬಳೆ ಮಾತ್ರ ನೀವೇ ಆರಿಸಿ ತನ್ನಿ. ಅಳತೆಯನ್ನು ಕಾಕುವಿಗೆ ಕೇಳಿ. ನನ್ನ ಗೆಳತಿಗೆ ಯಾವಾಗಲೂ ಎರಡು ನಾಲ್ಕು ಆಗುತ್ತಿತ್ತು, ಆದರೆ ಏಳನೇ ತಿಂಗಳಲ್ಲಿ ಕೈ ಸ್ವಲ್ಪ ಬಾತಿತ್ತು, ಎರಡು ಆರು ತಾ ಅಂದರು ಕಾಕು. ಅದನ್ನೇ ದಾದರಿನಲ್ಲಿ ತೆಗೆದುಕೊಂಡೆ.

ಮನೆಗೆ ಹೋದ ಮೇಲೆ ಮತ್ತೆ ತಪ್ಪಿನ ಮಾತು ನೀವಾಗಿ ಎತ್ತಬೇಡಿ. ಅವಳು ಎತ್ತಿದರೆ ಕೇಳಿ. ನಾನು ಐದಕ್ಕೆ ಹತ್ತು ನಿಮಿಷ ಮೊದಲೇ ಹೋಗಿದ್ದೆ. ಚಹಾ ಆಯಿತು, ಅವಳು ಜಾಸ್ತಿ ಮಾತಾಡಲಿಲ್ಲ. ನಾನು ತಾಟು ತೆಗೆದು ಕೂತಾಗ, ರವಿವಾರ ತೊಟ್ಟ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಮಣಿಕಟ್ಟಿನ ಹತ್ತಿರ ಜಾಗ ಮಾಡಿ ಕೈ ಚಾಚಿದಳು.